ನೆನಪಿನ ಪತ್ರದಿಂದ ಕೊನೆ ನೋಟಿಸ್‌ವರೆಗೆ: ಬಾಕಿ ವಸೂಲಿಯ ಒಂದು ಪ್ರಕರಣ

ಬಾಕಿ ಕೇಳುವ ಪತ್ರಗಳ ಮಾದರಿ ಎಲ್ಲ ಕಡೆ ಸಿಗುತ್ತದೆ. ಮೊದಲನೆಯದು ನಯವಾಗಿ, ಎರಡನೆಯದು ಸ್ವಲ್ಪ ಗಟ್ಟಿಯಾಗಿ, ಕೊನೆಯದು ಖಡಕ್ಕಾಗಿ. ಒಂದಾದ ಮೇಲೆ ಒಂದು ಕಳಿಸುತ್ತಾ ಹೋದರೆ ಸಾಕು ಅನ್ನಿಸುತ್ತದೆ. ನಾನು ಸಣ್ಣ ಸಂಸ್ಥೆಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅದರಲ್ಲಿ ಬಾಕಿ ವಸೂಲಿ ದೊಡ್ಡ ಭಾಗ. ಇಲ್ಲಿ ಹೇಳುತ್ತಿರುವ ಪ್ರಕರಣದಲ್ಲಿ ಪತ್ರಗಳ ದನಿ ಏರಿದ್ದರಿಂದ ಹಣ ಬರಲಿಲ್ಲ. ಪ್ರತಿ ಪತ್ರ ಯಾರ ಕೈ ಸೇರಿತು, ಏನು ಕೇಳಿತು, ಯಾವ ತಾರೀಕಿಗೆ ಕೇಳಿತು ಅನ್ನುವುದರಿಂದ ಬಂತು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಮೊತ್ತವನ್ನು ಹಣದಲ್ಲಿ ಹೇಳದೆ ಪಾಲಿನಲ್ಲಿ ಹೇಳುತ್ತೇನೆ.

ಹಿನ್ನೆಲೆ

ಯಂತ್ರಗಳ ಬಳಕೆದಾರರಿಗೆ ಕೈಪಿಡಿ ಮಾಡಿಕೊಡುವ ನಾಲ್ಕೈದು ಜನರ ಒಂದು ತಂಡ. ಬರವಣಿಗೆ, ಚಿತ್ರ, ಪುಟವಿನ್ಯಾಸ ಎಲ್ಲ ಅವರದೇ. ಗ್ರಾಹಕರು ಮಧ್ಯಮ ಗಾತ್ರದ ಒಂದು ಯಂತ್ರ ತಯಾರಿಕಾ ಕಂಪನಿ. ಕೆಲಸಕ್ಕೆ ಮೂರು ಬಿಲ್, ಪ್ರತಿ ಬಿಲ್‌ಗೂ 30 ದಿನದ ಗಡುವು. ಮೊದಲ ಬಿಲ್ ಸರಿಯಾದ ಸಮಯಕ್ಕೆ ಬಂತು. ಎರಡು ಮತ್ತು ಮೂರನೇ ಬಿಲ್‌ಗಳ ಗಡುವು ಒಂದೇ ದಿನ, ತಿಂಗಳ 5ಕ್ಕೆ ಇತ್ತು. ಎರಡೂ ಬರಲಿಲ್ಲ.

ಬಾಕಿ ಒಟ್ಟು 100 ಪಾಲು ಅಂದುಕೊಳ್ಳಿ. ಅದರಲ್ಲಿ ಎರಡನೇ ಬಿಲ್ 60, ಮೂರನೇ ಬಿಲ್ 40. ಆ 40ರ ಒಳಗೆ 12 ಪಾಲು, ಮಧ್ಯದಲ್ಲಿ ಕಂಪನಿಯ ಎಂಜಿನಿಯರ್ ಸೇರಿಸಲು ಹೇಳಿದ ಹೆಚ್ಚುವರಿ ಪುಟಗಳದ್ದು. ಈ 12 ಮುಂದೆ ಮುಖ್ಯವಾಗುತ್ತದೆ.

ಒಪ್ಪಂದದಲ್ಲಿ ಎರಡು ಒಳ್ಳೆಯ ಷರತ್ತುಗಳಿದ್ದವು. ಗಡುವು ದಾಟಿದರೆ ಬಡ್ಡಿ ಕೇಳಬಹುದು. ಬಾಕಿ 30 ದಿನಕ್ಕಿಂತ ಜಾಸ್ತಿ ತಡವಾದರೆ, 7 ದಿನ ಮೊದಲೇ ಲಿಖಿತವಾಗಿ ತಿಳಿಸಿ, ನಡೆಯುತ್ತಿರುವ ಕೆಲಸ ನಿಲ್ಲಿಸಬಹುದು. ಅದೇ ಕಂಪನಿಗೆ ಇನ್ನೊಂದು ಯಂತ್ರದ ಕೈಪಿಡಿ ಆಗ ಅರ್ಧ ಮುಗಿದಿತ್ತು.

ಮೊದಲ ಪತ್ರ: ಮರೆತಿರಬಹುದು ಅನ್ನುವ ಧಾಟಿ

9ನೇ ತಾರೀಕು ಮೊದಲ ಮೇಲ್ ಹೋಯಿತು. ತಂಡದ ಮಾಲೀಕರು ಬರೆದದ್ದು ಹೀಗಿತ್ತು:

> ನಮಸ್ಕಾರ ಸರ್. ಕೈಪಿಡಿ ನಿಮಗೆಲ್ಲ ಇಷ್ಟವಾಯಿತು ಅಂತ ಕೇಳಿ ಖುಷಿಯಾಯಿತು. ಬಿಲ್ 2 ಮತ್ತು 3ರ ಗಡುವು 5ನೇ ತಾರೀಕಿಗೆ ಮುಗಿದಿದೆ. ಕೆಲಸದ ನಡುವೆ ಕಣ್ತಪ್ಪಿರಬಹುದು. ದಯವಿಟ್ಟು ಒಮ್ಮೆ ನೋಡಿ. ಈಗಾಗಲೇ ಕಳಿಸಿದ್ದರೆ ಈ ಪತ್ರವನ್ನು ಬಿಟ್ಟುಬಿಡಿ. ಎರಡೂ ಬಿಲ್ ಲಗತ್ತಿಸಿದ್ದೇನೆ.

ಮೊದಲ ಪತ್ರವಾಗಿ ಇದರಲ್ಲಿ ತಪ್ಪಿಲ್ಲ. ನಯವಾಗಿದೆ, ಬಿಲ್ ಜೊತೆಗೇ ಇದೆ, ಹಣ ದಾರಿಯಲ್ಲಿದ್ದರೆ ಯಾರಿಗೂ ಮುಜುಗರವಿಲ್ಲ. ಆದರೆ ಇದು ಹೋದದ್ದು ಎಂಜಿನಿಯರ್‌ಗೆ. ತಂಡಕ್ಕೆ ಅವರೊಬ್ಬರೇ ಪರಿಚಯ. ಕೆಲಸ ಮಾಡಿಸಿಕೊಂಡವರು ಅವರು, ಹಣ ಬಿಡುವವರು ಬೇರೆ. 12ನೇ ತಾರೀಕಿಗೆ ಉತ್ತರ ಬಂತು: ‘ಅಕೌಂಟ್ಸ್‌ಗೆ ಕಳಿಸಿದ್ದೀನಿ, ನೋಡ್ತಾರೆ.’ ಅವರು ಸುಳ್ಳು ಹೇಳಿರಲಿಲ್ಲ. ಮೇಲ್ ಅನ್ನು ನಿಜವಾಗಿಯೂ ಮುಂದಕ್ಕೆ ದಾಟಿಸಿದ್ದರು. ಅಲ್ಲಿಗೆ ಅವರ ಕೆಲಸ ಮುಗಿಯಿತು.

ಇನ್ನೊಂದು ವಿಷಯ ಆಗ ನಮಗೆ ಗೊತ್ತಿರಲಿಲ್ಲ. ಆ ಕಂಪನಿ ತಿಂಗಳಲ್ಲಿ ಎರಡೇ ಸಲ, 10 ಮತ್ತು 25ಕ್ಕೆ, ಹಣ ಬಿಡುತ್ತಿತ್ತು. ಮೂರ್ನಾಲ್ಕು ಕೆಲಸದ ದಿನ ಮೊದಲೇ ಪಟ್ಟಿ ಮುಚ್ಚುತ್ತದೆ. 9ಕ್ಕೆ ಹೋದ ಪತ್ರ ಎಷ್ಟೇ ಚೆನ್ನಾಗಿದ್ದರೂ 10ರ ಪಟ್ಟಿಗೆ ಸೇರುವ ಹಾಗೇ ಇರಲಿಲ್ಲ. ಬಹಳ ಕಂಪನಿಗಳಲ್ಲಿ ಹೀಗೇ ನಡೆಯುತ್ತದೆ. ‘ಒಂದು ವಾರದೊಳಗೆ ಕಳಿಸಿ’ ಅಂತ ನಾವು ಬರೆದರೆ ಅವರ ಲೆಕ್ಕದಲ್ಲಿ ಅದಕ್ಕೆ ಅರ್ಥವೇ ಇರುವುದಿಲ್ಲ.

ಎರಡನೇ ಪತ್ರ: ಪ್ರಶ್ನೆ ಕೇಳಿದ್ದು

25 ದಾಟಿತು, ಹಣ ಬರಲಿಲ್ಲ. ಮಾಲೀಕರು ಅದೇ ಪತ್ರವನ್ನು ಇನ್ನಷ್ಟು ಬಿಗಿಯಾಗಿ ಬರೆಯುವುದಕ್ಕೆ ಹೊರಟಿದ್ದರು. ಈ ಹಂತದಲ್ಲಿ ನಾನು ಸೇರಿಕೊಂಡೆ. ಬಿಗಿ ಮಾಡುವ ಮೊದಲು ಹಣ ಎಲ್ಲಿ ನಿಂತಿದೆ ಅಂತ ತಿಳಿಯಬೇಕು ಅಂದೆ. ಕಾರಣ ಗೊತ್ತಿಲ್ಲದೆ ದನಿ ಏರಿಸಿದರೆ, ನಿಜವಾದ ಅಡಚಣೆ ಇದ್ದವರಿಗೆ ಸಿಟ್ಟು ಬರುತ್ತದೆ. ಬೇಕಂತಲೇ ತಡ ಮಾಡುವವರಿಗೆ ಮಾತ್ರ ಏನೂ ಆಗುವುದಿಲ್ಲ.

27ಕ್ಕೆ ಎರಡನೇ ಪತ್ರ ಹೋಯಿತು. ಈ ಸಲ ಅಕೌಂಟ್ಸ್ ವಿಭಾಗಕ್ಕೆ ಕಳಿಸಿ, ಎಂಜಿನಿಯರ್‌ಗೆ ಪ್ರತಿ ಹಾಕಿದೆವು. ಹಳೆಯ ಮೇಲ್‌ನ ಕೆಳಗೇ ಮುಂದುವರಿಸಿದೆವು, ಹಿಂದಿನದೆಲ್ಲ ಓದುವವರ ಕಣ್ಣಿಗೆ ಬೀಳಲಿ ಅಂತ. ವಿಷಯದ ಸಾಲಿನಲ್ಲೇ ಬಿಲ್ ನಂಬರ್, ಮೊತ್ತ, ಎಷ್ಟು ದಿನ ತಡ ಅನ್ನುವುದು ಇತ್ತು. ಮುಖ್ಯ ಭಾಗ ಇಷ್ಟೇ:

> ಬಿಲ್ 2 ಮತ್ತು 3ರ ಗಡುವು ಮುಗಿದು 22 ದಿನ ಆಗಿದೆ. ಮೂರು ವಿಷಯ ತಿಳಿಸಿದರೆ ಉಪಕಾರವಾಗುತ್ತದೆ. ಬಿಲ್‌ಗಳು ನಿಮ್ಮ ಲೆಕ್ಕಕ್ಕೆ ಸೇರಿವೆಯೇ? ಅವುಗಳ ಮೇಲೆ ಏನಾದರೂ ತಕರಾರು ಇದೆಯೇ, ಅಥವಾ ನಮ್ಮಿಂದ ಯಾವುದಾದರೂ ಕಾಗದ ಬೇಕೇ? ಯಾವ ತಾರೀಕಿನ ಪೇಮೆಂಟ್‌ಗೆ ಇವು ಸೇರುತ್ತವೆ?

‘ದಯವಿಟ್ಟು ನೋಡಿ’ ಅಂದರೆ ‘ನೋಡ್ತೀವಿ’ ಅನ್ನುವ ಉತ್ತರ ಬರುತ್ತದೆ. ‘ಯಾವ ತಾರೀಕು’ ಅಂದರೆ ಯಾರಾದರೂ ಕಡತ ತೆಗೆಯಲೇಬೇಕು. ಎರಡು ದಿನದಲ್ಲಿ ಉತ್ತರ ಬಂತು. ಕಂಪನಿ ಮಧ್ಯದಲ್ಲಿ ಪರ್ಚೇಸ್ ಆರ್ಡರನ್ನು ಪರಿಷ್ಕರಿಸಿ ಹೊಸ ನಂಬರ್ ಕೊಟ್ಟಿತ್ತು. ಅದನ್ನು ತಂಡಕ್ಕೆ ಯಾರೂ ತಿಳಿಸಿರಲಿಲ್ಲ. ಬಿಲ್‌ಗಳ ಮೇಲೆ ಹಳೆಯ ನಂಬರ್ ಇತ್ತು. ಅಕೌಂಟ್ಸ್‌ನವರು ಆರ್ಡರ್, ಕೆಲಸ ತಲುಪಿದ ದಾಖಲೆ, ಬಿಲ್ ಈ ಮೂರನ್ನೂ ಹೊಂದಿಸಿ ನೋಡುತ್ತಾರೆ. ಮೂರೂ ತಾಳೆಯಾಗದಿದ್ದರೆ ಬಿಲ್ ಪಕ್ಕಕ್ಕೆ ಹೋಗುತ್ತದೆ. ಪಕ್ಕಕ್ಕೆ ಹೋದ ಬಿಲ್ ಬಗ್ಗೆ ಕಳಿಸಿದವರಿಗೆ ಹೇಳುವ ವ್ಯವಸ್ಥೆ ಅಲ್ಲಿ ಇರಲಿಲ್ಲ.

ಮರುದಿನವೇ ಹೊಸ ನಂಬರ್ ಹಾಕಿದ ಬಿಲ್‌ಗಳು ಹೋದವು. ಇಲ್ಲೊಂದು ಸಣ್ಣ ಆದರೆ ಮುಖ್ಯವಾದ ತೀರ್ಮಾನ ಇತ್ತು. ಹೊಸ ತಾರೀಕಿನ ಬಿಲ್ ಕೊಟ್ಟರೆ ಗಡುವು ಮತ್ತೆ 30 ದಿನ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಹಳೆಯ ಬಿಲ್‌ನ ತಾರೀಕು, ನಂಬರ್ ಹಾಗೇ ಉಳಿಸಿ, ‘ಆರ್ಡರ್ ನಂಬರ್ ತಿದ್ದಿದ ಪ್ರತಿ’ ಅಂತ ನಮೂದಿಸಿದೆವು. ಮೂಲ ಗಡುವು ಬದಲಾಗಿಲ್ಲ ಅಂತ ಮೇಲ್‌ನಲ್ಲಿ ಒಂದು ಸಾಲು ಸೇರಿಸಿದೆವು. ಅವರು ಅದನ್ನು ಒಪ್ಪಿಕೊಂಡರು. ಬಿಲ್ 2 ಮುಂದಿನ ತಿಂಗಳ 10ಕ್ಕೆ ಹೋಗುತ್ತದೆ, ಬಿಲ್ 3 ಸಂಬಂಧಪಟ್ಟ ವಿಭಾಗದ ಒಪ್ಪಿಗೆಗೆ ಕಾಯುತ್ತಿದೆ ಅಂತ ಬರೆದು ಕೊಟ್ಟರು. ಬಾಕಿ ಇದೆ ಅಂತ ಲಿಖಿತವಾಗಿ ಒಪ್ಪಿದ್ದು ಇದೇ ಮೊದಲು. ಆ ಮೇಲ್‌ಗೆ ಮುಂದೆ ತುಂಬ ಬೆಲೆ ಬಂತು. ಹಣ ಕೇಳಿ ನ್ಯಾಯಾಲಯಕ್ಕೆ ಹೋಗಲು ಕಾನೂನಿನಲ್ಲಿ ಕಾಲಮಿತಿ ಇರುತ್ತದೆ. ನಾವು ನೆನಪಿಸುತ್ತಾ ಇದ್ದ ಮಾತ್ರಕ್ಕೆ ಆ ಗಡಿಯಾರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಕೊಡಬೇಕಾದವರು ಬಾಕಿಯನ್ನು ಬರೆದು ಒಪ್ಪಿಕೊಂಡರೆ ಎಷ್ಟೋ ದೇಶಗಳಲ್ಲಿ ಅದು ಹೊಸದಾಗಿ ಶುರುವಾಗುತ್ತದೆ.

ಮೂರನೇ ಪತ್ರ: ಸಿಟ್ಟು ತೆಗೆದು ತಾರೀಕು ಹಾಕಿದ್ದು

10 ಬಂತು, ಹೋಯಿತು. ಹಣ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಮಾಲೀಕರಿಗೆ ಸಿಟ್ಟು ಬಂದಿತ್ತು, ಅದು ನ್ಯಾಯವೂ ಆಗಿತ್ತು. ಅವರಿಗೆ ಬಾಕಿಯ 60 ಪಾಲು ಅಂದರೆ ತಂಡದ ಸಂಬಳ. ಅವರು ಬರೆದ ಕರಡಿನ ಒಂದು ಭಾಗ:

> ಪದೇ ಪದೇ ಕೇಳಿದರೂ ನೀವು ಬೇಜವಾಬ್ದಾರಿಯಿಂದ ವರ್ತಿಸುತ್ತಿದ್ದೀರಿ. ಸಣ್ಣವರು ಅಂತ ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ. ಆದಷ್ಟು ಬೇಗ ಹಣ ಕಳಿಸದಿದ್ದರೆ ತಕ್ಕ ಕ್ರಮ ಕೈಗೊಳ್ಳಬೇಕಾಗುತ್ತದೆ.

ಇದು ಗಟ್ಟಿಯಾಗಿ ಕೇಳಿಸುತ್ತದೆ, ಆದರೆ ಒಳಗೆ ಹಿಡಿಯುವುದಕ್ಕೆ ಏನೂ ಇಲ್ಲ. ‘ಆದಷ್ಟು ಬೇಗ’ ಅಂದರೆ ಯಾವಾಗ? ‘ತಕ್ಕ ಕ್ರಮ’ ಅಂದರೆ ಏನು? ‘ಬೇಜವಾಬ್ದಾರಿ’ ಅನ್ನುವ ಮಾತಿಗೆ ಅವರು ಪ್ರತಿಯಾಗಿ ನಾಲ್ಕು ಮಾತು ಬರೆಯಬಹುದು, ಹಣದ ವಿಷಯ ಅಲ್ಲಿಗೆ ಹಿಂದೆ ಸರಿಯುತ್ತದೆ. ಕುಳಿತು ತಿದ್ದಿದ ಮೇಲೆ 13ಕ್ಕೆ ಹೋದದ್ದು ಹೀಗೆ:

> ಬಿಲ್ 2ರ ಹಣ 10ನೇ ತಾರೀಕಿಗೆ ಬರುತ್ತದೆ ಅಂತ ನಿಮ್ಮ ಅಕೌಂಟ್ಸ್ ವಿಭಾಗ ಬರೆದು ತಿಳಿಸಿತ್ತು. ಆ ಹಣ ಬಂದಿಲ್ಲ. ಬಿಲ್ 3ರ ಬಗ್ಗೆ ಯಾವ ತಕರಾರೂ ನಮಗೆ ತಲುಪಿಲ್ಲ. ಎರಡೂ ಸೇರಿ ಬಾಕಿ [ಮೊತ್ತ], ಗಡುವು ಮೀರಿ 30 ದಿನಕ್ಕಿಂತ ಹೆಚ್ಚಾಗಿದೆ. ಪೂರ್ತಿ ಮೊತ್ತ ಈ ತಿಂಗಳ 25ರ ಪೇಮೆಂಟ್‌ನಲ್ಲಿ ಬರಬೇಕು. ಬರದಿದ್ದರೆ ಒಪ್ಪಂದದ ಪ್ರಕಾರ 26ರಿಂದ ಹೊಸ ಕೈಪಿಡಿಯ ಕೆಲಸ ನಿಲ್ಲಿಸುತ್ತೇವೆ. ಈ ಪತ್ರವೇ ಅದರ ಮುಂಚಿತ ಸೂಚನೆ.

ಒಂದೂ ಕಟು ಮಾತಿಲ್ಲ. ಆದರೂ ಕರಡಿಗಿಂತ ಇದು ಎಷ್ಟೋ ಗಟ್ಟಿ. ಅವರದೇ ಮಾತು, ಅವರದೇ ಪೇಮೆಂಟ್ ದಿನ, ಇಬ್ಬರೂ ಸಹಿ ಹಾಕಿದ ಷರತ್ತು. 25 ಅನ್ನುವ ತಾರೀಕನ್ನು ಸುಮ್ನೆ ಆರಿಸಲಿಲ್ಲ. ಅವರ ಪಟ್ಟಿಗೆ ಸೇರಿಸಲು ಸಮಯ ಉಳಿಯುತ್ತದೆ, 7 ದಿನದ ಸೂಚನೆಯೂ ಪೂರ್ತಿಯಾಗುತ್ತದೆ. ಕೆಲಸ ನಿಲ್ಲಿಸುವ ಷರತ್ತು ಒಪ್ಪಂದದಲ್ಲಿ ಇಲ್ಲದಿದ್ದರೆ ಈ ಸಾಲು ಬರೆಯಲು ನಾನು ಬಿಡುತ್ತಿರಲಿಲ್ಲ. ಹಕ್ಕಿಲ್ಲದೆ ಕೆಲಸ ನಿಲ್ಲಿಸಿದರೆ ಒಪ್ಪಂದ ಮುರಿದವರು ನಾವೇ ಆಗಿಬಿಡುತ್ತೇವೆ.

ತಕರಾರು ಬಂತು

ಮೂರು ದಿನಕ್ಕೆ ಉತ್ತರ ಬಂತು. ಬಿಲ್ 3ರಲ್ಲಿರುವ ಹೆಚ್ಚುವರಿ ಪುಟಗಳಿಗೆ ನಮ್ಮ ಒಪ್ಪಿಗೆ ಇಲ್ಲ, ಹಾಗಾಗಿ ಎರಡೂ ಬಿಲ್ ತಡೆಹಿಡಿದಿದ್ದೇವೆ ಅಂತ.

ಇಂಥ ತಕರಾರು ಇಷ್ಟು ತಡವಾಗಿ ಬಂದರೆ, ಹಣ ಕೊಡದಿರಲು ಹುಡುಕಿದ ನೆಪ ಅಂತ ಮೊದಲು ಅನ್ನಿಸುತ್ತದೆ, ಅಲ್ವಾ? ಮಾಲೀಕರಿಗೂ ಹಾಗೇ ಅನ್ನಿಸಿತು. ನೆಪವೋ ನಿಜವೋ ಅಂತ ವಾದ ಮಾಡುವುದರಿಂದ ಉಪಯೋಗವಿಲ್ಲ. ಪರೀಕ್ಷಿಸಲು ಸರಳ ದಾರಿಯಿದೆ: ತಕರಾರಿರುವ ಭಾಗವನ್ನು ಬೇರೆ ಮಾಡಿ, ಉಳಿದದ್ದನ್ನು ಕೊಡಿ ಅಂತ ಕೇಳುವುದು. ತಕರಾರು ನಿಜವಾದರೆ ಉಳಿದ ಹಣ ಬರುತ್ತದೆ. ನೆಪವಾದರೆ ಇನ್ನೊಂದು ತಕರಾರು ಬರುತ್ತದೆ.

ಮರುದಿನ ಅದನ್ನೇ ಬರೆದೆವು. 100ರಲ್ಲಿ 12ರ ಮೇಲೆ ಮಾತ್ರ ತಕರಾರಿದೆ, ಅದನ್ನು ಬೇರೆಯಾಗಿ ಕುಳಿತು ಬಗೆಹರಿಸೋಣ, 88ರ ಮೇಲೆ ಯಾವ ಪ್ರಶ್ನೆಯೂ ಇಲ್ಲದ್ದರಿಂದ ಅದು 25ಕ್ಕೆ ಬರಬೇಕು. 12ನ್ನು ಬಿಟ್ಟುಕೊಡುತ್ತಿಲ್ಲ ಅನ್ನುವುದನ್ನೂ ಸ್ಪಷ್ಟವಾಗಿ ಬರೆದೆವು. ಜೊತೆಗೆ ಎಂಜಿನಿಯರ್ ಕಳಿಸಿದ್ದ ಹಳೆಯ ಮೇಲ್ ಲಗತ್ತಿಸಿದೆವು. ಆ ಪುಟಗಳನ್ನೂ ಸೇರಿಸಿ ಅಂತ ಅವರು ಅದರಲ್ಲಿ ಗುರುತು ಹಾಕಿ ಕೊಟ್ಟಿದ್ದರು. ಬೆಲೆಯ ಮಾತು ಅದರಲ್ಲಿ ಇರಲಿಲ್ಲ. ಕೆಲಸ ಹೇಳಿದ್ದು ನಿಜ, ದರಕ್ಕೆ ಒಪ್ಪಿದ್ದಕ್ಕೆ ದಾಖಲೆ ಇಲ್ಲ. ಇಬ್ಬರ ಕಡೆಯೂ ಸ್ವಲ್ಪ ಸ್ವಲ್ಪ ಹುರುಳಿತ್ತು.

25ಕ್ಕೆ 60 ಪಾಲು ಬಂತು. ಬಿಲ್ 3ರ ತಕರಾರಿಲ್ಲದ 28 ಬರಲಿಲ್ಲ.

ಬಂದ ಹಣಕ್ಕೆ ರಸೀದಿ ಕೊಡುವಾಗಲೂ ಎಚ್ಚರ ಬೇಕು. ‘ಹಣ ತಲುಪಿತು, ಧನ್ಯವಾದ’ ಅಂತ ಮಾತ್ರ ಬರೆದರೆ ಲೆಕ್ಕ ಚುಕ್ತಾ ಆಯಿತು ಅಂತ ಎದುರಿನವರು ಮುಂದೆ ಹೇಳಬಹುದು. ‘ಬಿಲ್ 2ರ ಬಾಬ್ತು ಪೂರ್ತಿ ತಲುಪಿದೆ, ಬಿಲ್ 3ರ ಬಾಕಿ ಹಾಗೇ ಇದೆ’ ಅಂತ ಬರೆದೆವು.

ಕೆಲಸ ನಿಲ್ಲಿಸಿದ್ದು

ಮಾಲೀಕರಿಗೆ ಅತ್ಯಂತ ಕಷ್ಟವಾದ ತೀರ್ಮಾನ ಇದು. ದೊಡ್ಡ ಭಾಗ ಬಂದಿದೆಯಲ್ಲ, 28ಕ್ಕೋಸ್ಕರ ಸಂಬಂಧ ಯಾಕೆ ಕೆಡಿಸಿಕೊಳ್ಳುವುದು ಅಂದರು. ಭಯ ಸಹಜವೇ. ಆದರೆ 25ಕ್ಕೆ ಬರದಿದ್ದರೆ 26ಕ್ಕೆ ನಿಲ್ಲಿಸುತ್ತೇವೆ ಅಂತ ನಾವೇ ಬರೆದಿದ್ದೆವು. ಹೇಳಿದ ತಾರೀಕಿಗೆ ಹೇಳಿದ್ದನ್ನು ಮಾಡದಿದ್ದರೆ ಮುಂದಿನ ಪತ್ರವನ್ನು ಯಾರೂ ತೆರೆದು ನೋಡುವುದಿಲ್ಲ. ಕೊನೆ ನೋಟಿಸ್‌ಗೆ ಬಲ ಬರುವುದು ಅದರಲ್ಲಿರುವ ಪದಗಳಿಂದಲ್ಲ, ಅದಕ್ಕಿಂತ ಹಿಂದಿನ ಪತ್ರದಲ್ಲಿ ಹೇಳಿದ್ದು ನಡೆದಿದೆಯೋ ಇಲ್ಲವೋ ಅನ್ನುವುದರಿಂದ.

26ರ ಬೆಳಗ್ಗೆ ಎಂಜಿನಿಯರ್‌ಗೆ ಎರಡು ಸಾಲಿನ ಮೇಲ್ ಹೋಯಿತು. ಕೆಲಸ ಇಂದಿನಿಂದ ನಿಂತಿದೆ, ಬಿಲ್ 3ರ ತಕರಾರಿಲ್ಲದ ಮೊತ್ತ ಬಂದ ಮರುದಿನವೇ ಮತ್ತೆ ಶುರುವಾಗುತ್ತದೆ. ಅಷ್ಟೇ. ಅವರು ಬೇಸರ ಮಾಡಿಕೊಂಡರು. ಅವರ ಯಂತ್ರ ಮಾರುಕಟ್ಟೆಗೆ ಹೋಗಬೇಕಿತ್ತು, ಕೈಪಿಡಿ ಇಲ್ಲದೆ ಹೋಗುವಂತಿರಲಿಲ್ಲ. ಅಲ್ಲಿಯವರೆಗೆ ಬಾಕಿಯ ಬಿಸಿ ತಟ್ಟುತ್ತಿದ್ದದ್ದು ತಂಡಕ್ಕೆ ಮಾತ್ರ. ಈಗ ಕಂಪನಿಯ ಒಳಗಿರುವ ಒಬ್ಬರಿಗೂ ತಟ್ಟಿತು.

ಕೊನೆ ನೋಟಿಸ್

28ನೇ ತಾರೀಕಿಗೆ ಕೊನೆ ನೋಟಿಸ್ ಹೋಯಿತು. ಇದು ಹಳೆಯ ಮೇಲ್‌ನ ಮುಂದುವರಿಕೆ ಅಲ್ಲ. ತಂಡದ ಲೆಟರ್‌ಹೆಡ್ ಮೇಲೆ, ಸಹಿ ಹಾಕಿ, ಕಂಪನಿಯ ಹಣಕಾಸು ಮುಖ್ಯಸ್ಥರ ಹೆಸರಿಗೆ, ತಲುಪಿದ್ದಕ್ಕೆ ದಾಖಲೆ ಸಿಗುವ ಅಂಚೆಯಲ್ಲಿ ಮತ್ತು ಮೇಲ್‌ನಲ್ಲಿ ಹೋಯಿತು. ಇದನ್ನು ಓದುವವರಿಗೆ ಹಿಂದಿನ ಕತೆ ಗೊತ್ತಿರುವುದಿಲ್ಲ. ಆದ್ದರಿಂದ ಒಂದೇ ಪುಟದಲ್ಲಿ ಎಲ್ಲವೂ ಇರಬೇಕು: ಯಾವ ಕೆಲಸ, ಯಾವಾಗ ಕೊಟ್ಟಿದ್ದು, ಯಾವ ಬಿಲ್, ಎಷ್ಟು ಬಂದಿದೆ, ಎಷ್ಟು ಉಳಿದಿದೆ, ಹಿಂದಿನ ಪತ್ರಗಳ ತಾರೀಕು. ಆಮೇಲೆ ಬೇಡಿಕೆ:

> ತಕರಾರಿಲ್ಲದ ಮೊತ್ತ [ಮೊತ್ತ] ಬರುವ ತಿಂಗಳ 10ರೊಳಗೆ ನಮ್ಮ ಖಾತೆಗೆ ಬರಬೇಕು. ಒಪ್ಪಂದದ ಪ್ರಕಾರ ಇಂದಿನವರೆಗಿನ ಬಡ್ಡಿ [ಮೊತ್ತ] ಆಗಿದೆ. 10ರೊಳಗೆ ಅಸಲು ಬಂದರೆ ಬಡ್ಡಿ ಬಿಡುತ್ತೇವೆ. ಕಂತಿನಲ್ಲಿ ಕೊಡುವುದಾದರೆ ಅದಕ್ಕೂ ಮೊದಲು ಲಿಖಿತವಾಗಿ ತಿಳಿಸಿ. ಎರಡೂ ಆಗದಿದ್ದರೆ 11ಕ್ಕೆ ಕಡತವನ್ನು ವಕೀಲರಿಗೆ ಒಪ್ಪಿಸಿ, ಅಸಲು, ಬಡ್ಡಿ, ಖರ್ಚು ಮೂರಕ್ಕೂ ಮೊಕದ್ದಮೆ ಹೂಡುತ್ತೇವೆ.

ಇದನ್ನು ಕಳಿಸುವ ಮೊದಲೇ ವಕೀಲರೊಬ್ಬರನ್ನು ಭೇಟಿಯಾಗಿ, ಅವರ ಶುಲ್ಕ ಕೇಳಿ, ಕಡತ ಜೋಡಿಸಿ ಇಟ್ಟಿದ್ದೆವು. ನೋಟಿಸ್‌ನ ಒಕ್ಕಣೆಯನ್ನೂ ಅವರಿಗೆ ತೋರಿಸಿದ್ದೆವು, ಯಾಕೆಂದರೆ ಏನನ್ನು ಬೇಡಬಹುದು ಅನ್ನುವುದು ಆಯಾ ಜಾಗದ ಕಾನೂನಿನ ಮೇಲೆ ನಿಂತಿರುತ್ತದೆ. ಬಡ್ಡಿಯನ್ನು ಹೀಗೆ ಬಳಸುವುದು ನನಗೆ ಇಷ್ಟ. ಮೊದಲ ಪತ್ರದಲ್ಲೇ ಬಡ್ಡಿ ಎತ್ತಿದರೆ ಜಗಳ. ಕೊನೆಯ ಪತ್ರದಲ್ಲಿ ಬಡ್ಡಿ ತೋರಿಸಿ ಬಿಡುತ್ತೇವೆ ಅಂದರೆ, ಬೇಗ ಕೊಡಲು ಹಣಕಾಸಿನವರಿಗೆ ಒಂದು ಕಾರಣ ಸಿಗುತ್ತದೆ.

ಮಾಲೀಕರ ಕರಡಿನಲ್ಲಿ ಇನ್ನೊಂದು ಸಾಲಿತ್ತು: ನಿಮ್ಮ ಬೇರೆ ಗ್ರಾಹಕರಿಗೆಲ್ಲ ವಿಷಯ ತಿಳಿಸುತ್ತೇವೆ ಅಂತ. ಅದನ್ನು ತೆಗೆಸಿದೆ. ಹೆಸರು ಕೆಡಿಸುವ ಬೆದರಿಕೆ ಹಾಕಿದರೆ, ಹಣ ಕೇಳಲು ಹೋದವರೇ ಕಾನೂನಿನ ತೊಂದರೆಗೆ ಸಿಕ್ಕಿಬೀಳಬಹುದು.

ಆದದ್ದು

ಮುಂದಿನ ತಿಂಗಳ 4ನೇ ತಾರೀಕಿಗೆ ಹಣಕಾಸು ಮುಖ್ಯಸ್ಥರೇ ಫೋನ್ ಮಾಡಿದರು. ಎಂಜಿನಿಯರ್ ಹಿಂದಿನ ದಿನ ನೋಟಿಸ್‌ನ ಪ್ರತಿ ಹಿಡಿದು ಅವರ ಕೋಣೆಗೆ ಹೋಗಿದ್ದರಂತೆ. ಬಿಲ್ 3 ಪೂರ್ತಿಯಾಗಿ ತಡೆಯಲ್ಲಿದೆ ಅನ್ನುವುದು ಮುಖ್ಯಸ್ಥರಿಗೆ ಗೊತ್ತೇ ಇರಲಿಲ್ಲ. ಅವರ ಲೆಕ್ಕದ ಪದ್ಧತಿಯಲ್ಲಿ ಒಂದು ಬಿಲ್‌ನ ಸ್ವಲ್ಪ ಭಾಗ ಮಾತ್ರ ಬಿಡುಗಡೆ ಮಾಡಲು ಬೇರೆಯ ಒಪ್ಪಿಗೆ ಬೇಕಿತ್ತು. ಅದನ್ನು ಯಾರೂ ಕೇಳಿರಲಿಲ್ಲ. ಅಂದರೆ ತಕರಾರು ನೆಪ ಆಗಿರಲಿಲ್ಲ, ಹಣ ನಿಂತದ್ದಕ್ಕೆ ಕಾರಣ ಮಾತ್ರ ಬೇರೆ ಇತ್ತು.

ಕೈಯಲ್ಲಿ ಹಣ ಬಿಗಿ ಇದೆ, ಎರಡು ಕಂತಿನಲ್ಲಿ ಕೊಡುತ್ತೇವೆ ಅಂದರು. 10ಕ್ಕೆ 14 ಪಾಲು, 25ಕ್ಕೆ 14 ಪಾಲು. ಮಾತನ್ನು ಅದೇ ದಿನ ಮೇಲ್‌ನಲ್ಲಿ ಬರೆಸಿಕೊಂಡೆವು. ಕಂತು ಐದು ಕೆಲಸದ ದಿನಕ್ಕಿಂತ ಹೆಚ್ಚು ತಡವಾದರೆ ಬಡ್ಡಿ ಬಿಟ್ಟಿದ್ದು ರದ್ದಾಗುತ್ತದೆ ಅನ್ನುವ ಷರತ್ತೂ ಸೇರಿತು. ಮೊದಲ ಕಂತು ದಿನಕ್ಕೆ ಸರಿಯಾಗಿ ಬಂತು, ಅವತ್ತೇ ಕೆಲಸ ಶುರುವಾಯಿತು. ಎರಡನೆಯದು 29ಕ್ಕೆ ಬಂತು. ಹೆಚ್ಚುವರಿ ಪುಟಗಳ 12ರಲ್ಲಿ 8ಕ್ಕೆ ಒಪ್ಪಂದವಾಗಿ, ಅದು ಅದರ ನಂತರದ ಪೇಮೆಂಟ್‌ನಲ್ಲಿ ಸೇರಿತು. 100ಕ್ಕೆ 96.

ಬಿಟ್ಟ 4ರ ಬಗ್ಗೆ ಮಾಲೀಕರಿಗೆ ಈಗಲೂ ಕೊರಗಿದೆ. ನನಗಿಲ್ಲ. ದರ ಬರೆಸಿಕೊಳ್ಳದ ಕೆಲಸಕ್ಕೆ ಮೂರರಲ್ಲಿ ಎರಡು ಭಾಗ ಸಿಕ್ಕಿದ್ದು ಒಳ್ಳೆಯ ಫಲವೇ.

ಆಮೇಲೆ ಬದಲಾದದ್ದು

ತಂಡದ ಪತ್ರಗಳ ಕ್ರಮ ಈಗ ಬೇರೆಯಾಗಿದೆ. ಮೊದಲ ಪತ್ರ ಗಡುವಿಗೆ ಒಂದು ವಾರ ಮೊದಲೇ ಹೋಗುತ್ತದೆ, ಅಕೌಂಟ್ಸ್ ವಿಭಾಗಕ್ಕೆ. ಅದರಲ್ಲಿ ಹಣ ಕೇಳುವುದೇ ಇಲ್ಲ. ಬಿಲ್ ಲೆಕ್ಕಕ್ಕೆ ಸೇರಿದೆಯೇ, ಆರ್ಡರ್ ನಂಬರ್ ಸರಿಯಿದೆಯೇ ಅಂತ ಮಾತ್ರ ಕೇಳುತ್ತದೆ. ಗಡುವು ದಾಟುವ ಮೊದಲು ಇಂಥ ಪ್ರಶ್ನೆಗೆ ಯಾರಿಗೂ ಬೇಜಾರಾಗುವುದಿಲ್ಲ. ಹೊಸ ಗ್ರಾಹಕರು ಬಂದಾಗ ಪೇಮೆಂಟ್ ದಿನ ಯಾವುದು ಅಂತ ಶುರುವಿನಲ್ಲೇ ಕೇಳಿ ಬರೆದಿಟ್ಟುಕೊಳ್ಳುತ್ತಾರೆ.

ಈ ಕ್ರಮಕ್ಕೆ ಒಂದು ಮಿತಿ ಇದೆ. ಈ ಕಂಪನಿಯ ಬಳಿ ಕೊಡಲು ಹಣ ಇತ್ತು, ಬಿಗಿ ಇದ್ದರೂ ಇತ್ತು. ನಿಜವಾಗಿ ಮುಳುಗುತ್ತಿರುವ ಗ್ರಾಹಕರಿಗೆ ನಾಲ್ಕು ಹಂತದ ಪತ್ರ ಬರೆಯುತ್ತಾ ಕೂತರೆ ಇರುವ ಹಣ ಬೇರೆಯವರ ಪಾಲಾಗುತ್ತದೆ. ಅದರ ಲಕ್ಷಣಗಳು ಪತ್ರಗಳ ಉತ್ತರದಲ್ಲೇ ಕಾಣುತ್ತವೆ. ಬಿಲ್‌ನ ಮೊತ್ತಕ್ಕೆ ತಾಳೆಯಾಗದ ರೌಂಡ್ ಫಿಗರ್‌ನ ಸಣ್ಣ ಸಣ್ಣ ಮೊತ್ತ ಆಗಾಗ ಬರುತ್ತದೆ. ಉತ್ತರಿಸುವ ವ್ಯಕ್ತಿ ಪದೇ ಪದೇ ಬದಲಾಗುತ್ತಾರೆ. ‘ಯಾವ ತಾರೀಕು’ ಅನ್ನುವ ಪ್ರಶ್ನೆಗೆ ಮಾತ್ರ ಉತ್ತರ ಬರುವುದಿಲ್ಲ. ಹೀಗೆ ಕಂಡರೆ ಎರಡನೇ ಪತ್ರದ ಮುಂದಿನದೇ ಕೊನೆ ನೋಟಿಸ್ ಆಗಬೇಕು, ಕಂತಿನ ಮಾತಿಗೂ ಏನಾದರೂ ಭದ್ರತೆ ಕೇಳಬೇಕು.